‘.rar’ ಅನ್ನು ‘.zip’ ಎಂದು ಬದಲಿಸಿದರೆ ಫೈಲ್ ತೆರೆಯುತ್ತದೆಯೇ?

ದಾವಣಗೆರೆಯ ವಿನೋಬನಗರದಲ್ಲಿ ನಮ್ಮ ಎದುರು ಮನೆಯ ಅಂಕಲ್ ಸಣ್ಣಪುಟ್ಟ ವಿದ್ಯುತ್ ಕಾಮಗಾರಿಗಳ ಗುತ್ತಿಗೆ ಹಿಡಿಯುವವರು. ಒಂದು ಸಂಜೆ ಲ್ಯಾಪ್‌ಟಾಪ್ ಹಿಡಿದುಕೊಂಡೇ ಮನೆಗೆ ಬಂದರು. ಟೆಂಡರ್ ಒಂದರ ದಾಖಲೆಗಳನ್ನು ಇಳಿಸಿಕೊಂಡಿದ್ದರು. ಬಿಡ್ ಹಾಕಲು ಮರುದಿನ ಮಧ್ಯಾಹ್ನ ಮೂರು ಗಂಟೆಯೇ ಕೊನೆ. ಆದರೆ ಫೈಲ್ ತೆರೆಯುತ್ತಲೇ ಇರಲಿಲ್ಲ. ಅದರ ಹೆಸರು `tender.rar`.

“ನೋಡಮ್ಮ, ನಮ್ಮ ಹುಡುಗ ಹೇಳಿದ ಅಂತ ಕೊನೆಗೆ zip ಅಂತ ಹೆಸರು ಬದಲಾಯಿಸಿದೆ. ಐಕಾನ್ ಏನೋ ಬದಲಾಯ್ತು. ತೆರೆದರೆ ಫೈಲ್ ಸರಿ ಇಲ್ಲ ಅಂತದೆ. ನಾನೇ ಕೆಡಿಸಿಬಿಟ್ನಾ?” ಎಂದರು.

ಅವರು ಏನನ್ನೂ ಕೆಡಿಸಿರಲಿಲ್ಲ. ಆದರೆ ಅವರು ನಂಬಿದ್ದ ಸಲಹೆ ತುಂಬಾ ಜನ ನಂಬುವಂಥದ್ದು. ಅದು ಏಕೆ ಕೆಲಸ ಮಾಡುವುದಿಲ್ಲ, ಹೊಸದಾಗಿ ಯಾವ ತಂತ್ರಾಂಶವನ್ನೂ ಹಾಕಿಕೊಳ್ಳದೆ ಇಂಥ ಫೈಲನ್ನು ತೆರೆಯುವುದು ಹೇಗೆ, ಎಲ್ಲಿ ಆ ದಾರಿ ಮುಚ್ಚುತ್ತದೆ ಎಂಬುದನ್ನು ಅವರ ಫೈಲನ್ನೇ ಇಟ್ಟುಕೊಂಡು ನೋಡೋಣ.

ಹೆಸರು ಬೇರೆ, ಒಳಗಿನದು ಬೇರೆ

ಫೈಲ್ ಹೆಸರಿನ ಕೊನೆಯಲ್ಲಿ ಚುಕ್ಕಿಯ ನಂತರ ಬರುವ ಮೂರು ಅಕ್ಷರಗಳು ಡಬ್ಬಿಯ ಮೇಲೆ ಅಂಟಿಸಿದ ಚೀಟಿ ಇದ್ದ ಹಾಗೆ. ಉಪ್ಪಿನ ಡಬ್ಬಿಗೆ ‘ಸಕ್ಕರೆ’ ಎಂದು ಚೀಟಿ ಅಂಟಿಸಿದರೆ ಕಾಫಿ ಸಿಹಿಯಾಗುವುದಿಲ್ಲ. ಚೀಟಿ ನೋಡಿ ವಿಂಡೋಸ್ ಐಕಾನ್ ಬದಲಿಸುತ್ತದೆ, ಯಾವ ತಂತ್ರಾಂಶದಿಂದ ತೆರೆಯಬೇಕು ಎಂದು ತೀರ್ಮಾನಿಸುತ್ತದೆ, ಅಷ್ಟೇ. ಒಳಗಿನ ಒಂದು ಬೈಟ್ ಕೂಡ ಬದಲಾಗುವುದಿಲ್ಲ.

ಒಳಗೆ ಏನಿದೆ ಎಂಬುದಕ್ಕೆ ಬೇರೆಯೇ ಗುರುತಿದೆ. ಬಹುತೇಕ ಎಲ್ಲ ಬಗೆಯ ಫೈಲ್‌ಗಳ ಮೊದಲ ಕೆಲವು ಬೈಟ್‌ಗಳು ಆ ಬಗೆಯನ್ನು ಸಾರುತ್ತವೆ. ಜಿಪ್ ಫೈಲ್ ಸಾಮಾನ್ಯವಾಗಿ `PK` ಎಂಬ ಎರಡು ಅಕ್ಷರಗಳಿಂದ ಶುರುವಾಗುತ್ತದೆ. ಅದು ಜಿಪ್ ರೂಪಿಸಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲ ಅಕ್ಷರಗಳು. ರಾರ್ ಫೈಲ್ `Rar!` ಎಂದು ಶುರುವಾಗುತ್ತದೆ. ಪಿಡಿಎಫ್‌ನ ಆರಂಭದಲ್ಲಿ `%PDF` ಇರುತ್ತದೆ. ಜಿಪ್ ತೆರೆಯುವ ತಂತ್ರಾಂಶ `PK` ಹುಡುಕುತ್ತದೆ, ಸಿಗುವುದು `Rar!`. ಆಗ ಫೈಲ್ ಸರಿ ಇಲ್ಲ ಎಂದು ಕೈಚೆಲ್ಲುತ್ತದೆ.

ಹಾಗಾದರೆ ಈ ನಂಬಿಕೆ ಹುಟ್ಟಿದ್ದು ಎಲ್ಲಿಂದ? ಬಹುಶಃ ವರ್ಡ್ ಫೈಲ್‌ಗಳಿಂದ. `.docx` ಫೈಲಿನ ಕೊನೆಗೆ `.zip` ಎಂದು ಹಾಕಿದರೆ ಅದು ನಿಜವಾಗಿಯೂ ತೆರೆದುಕೊಳ್ಳುತ್ತದೆ, ಒಳಗಿನ ಚಿತ್ರಗಳೆಲ್ಲ ಬಿಡಿಬಿಡಿಯಾಗಿ ಸಿಗುತ್ತವೆ. ಏಕೆಂದರೆ `.docx` ಮತ್ತು `.xlsx` ಎಂಬವು ಹುಟ್ಟಿನಿಂದಲೇ ಜಿಪ್ ಕಟ್ಟುಗಳು. ಅಲ್ಲಿ ಚೀಟಿ ಬದಲಿಸಿದ್ದರಿಂದ ಮಾಯವೇನೂ ನಡೆಯಲಿಲ್ಲ, ಡಬ್ಬಿಯೊಳಗೆ ಮೊದಲೇ ಇದ್ದದ್ದಕ್ಕೆ ಸರಿಯಾದ ಚೀಟಿ ಬಿತ್ತು. ಒಮ್ಮೆ ಇದನ್ನು ಕಂಡವರು ರಾರ್‌ಗೂ ಅದೇ ಉಪಾಯ ನಡೆಯುತ್ತದೆ ಎಂದುಕೊಳ್ಳುತ್ತಾರೆ.

ಜಿಪ್ ತೆರೆಯುವುದಕ್ಕೆ ರಾರ್ ಏಕೆ ತಿಳಿಯುವುದಿಲ್ಲ?

ಎರಡೂ ಮಾಡುವ ಕೆಲಸ ಒಂದೇ. ಮತ್ತೆ ಮತ್ತೆ ಬರುವ ಭಾಗವನ್ನು ಪೂರ್ತಿ ಬರೆಯುವ ಬದಲು, ‘ಇಷ್ಟು ಹಿಂದೆ ಹೋಗಿ ಇಷ್ಟು ಅಕ್ಷರ ನಕಲು ಮಾಡು’ ಎಂದು ಚಿಕ್ಕದಾಗಿ ಬರೆದಿಡುವುದು. ಆದರೆ ಬರೆದಿಡುವ ರೀತಿ ಬೇರೆ. ಜಿಪ್‌ನಲ್ಲಿ ಸಾಮಾನ್ಯವಾಗಿ ಬಳಸುವ ವಿಧಾನ 32 ಕಿಲೋಬೈಟ್‌ನಷ್ಟು ಮಾತ್ರ ಹಿಂದಿರುಗಿ ನೋಡುತ್ತದೆ. ರಾರ್ ಹಲವು ಮೆಗಾಬೈಟ್ ಹಿಂದಕ್ಕೆ ನೋಡಬಲ್ಲದು. ಜೊತೆಗೆ ಜಿಪ್ ಪ್ರತಿ ಫೈಲನ್ನೂ ಬೇರೆಬೇರೆಯಾಗಿ ಕುಗ್ಗಿಸಿದರೆ, ರಾರ್ ಬೇಕೆಂದರೆ ಎಲ್ಲ ಫೈಲ್‌ಗಳನ್ನೂ ಸಾಲಾಗಿ ಜೋಡಿಸಿ ಒಂದೇ ಉದ್ದನೆಯ ಫೈಲ್ ಎಂಬಂತೆ ಕುಗ್ಗಿಸುತ್ತದೆ. ಒಂದೇ ತರಹದ ನೂರು ಫೈಲ್‌ಗಳಿದ್ದಾಗ ಇದರಿಂದ ಬಹಳ ಜಾಗ ಉಳಿಯುತ್ತದೆ. ಆದರೆ ಮಧ್ಯದಲ್ಲಿ ಒಂದು ಕಡೆ ಕೆಟ್ಟರೆ ಅದರ ಮುಂದಿನ ಫೈಲ್‌ಗಳೂ ಕೈತಪ್ಪಬಹುದು.

ಇನ್ನೊಂದು ವ್ಯತ್ಯಾಸ ಒಡೆತನದ್ದು. ಜಿಪ್‌ನ ವಿವರಣೆಯನ್ನು 1989ರಲ್ಲೇ ಎಲ್ಲರಿಗೂ ಬಿಟ್ಟುಕೊಡಲಾಯಿತು. ಹಾಗಾಗಿ ವಿಂಡೋಸ್ ಅದನ್ನು ಎರಡು ದಶಕಗಳಿಂದ ತನ್ನೊಳಗೇ ಇಟ್ಟುಕೊಂಡಿದೆ. ರಾರ್ 1993ರಲ್ಲಿ ಯೂಜೀನ್ ರೋಶಲ್ ಎಂಬ ರಷ್ಯಾದ ಪ್ರೋಗ್ರಾಮರ್ ರೂಪಿಸಿದ್ದು. ಅದನ್ನು ಬಿಚ್ಚುವ ಕೋಡ್ ಸಿಗುತ್ತದೆ, ಆದರೆ ಅದನ್ನು ನೋಡಿ ರಾರ್ ಕಟ್ಟುವ ತಂತ್ರಾಂಶ ಮಾಡುವಂತಿಲ್ಲ ಎಂಬ ಷರತ್ತಿದೆ. ಅದಕ್ಕೇ ಬೇರೆ ತಂತ್ರಾಂಶಗಳು ರಾರ್ ಬಿಚ್ಚುತ್ತವೆ, ಕಟ್ಟುವುದಿಲ್ಲ.

ಆದರೂ ನಮ್ಮಲ್ಲಿ ರಾರ್ ಬಳಕೆ ನಿಂತಿಲ್ಲ. ಕೇಂದ್ರ ಸರ್ಕಾರದ ಟೆಂಡರ್ ಜಾಲತಾಣದಲ್ಲಿ ಬಿಡ್ ಸಲ್ಲಿಸುವವರಿಗೆ ಇರುವ ಸೂಚನೆಗಳಲ್ಲಿ ಪಿಡಿಎಫ್, ಎಕ್ಸೆಲ್ ಮತ್ತು ಜೆಪಿಜಿಗಳ ಜೊತೆ ರಾರ್ ಹೆಸರೂ ಇದೆ. ಅಂಕಲ್ ಕೈಗೆ ಅಂಥ ಫೈಲ್ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ವಿಂಡೋಸ್ ಒಳಗೇ ಇರುವ ಕೀಲಿ

ನಿಮ್ಮದು ವಿಂಡೋಸ್ 11 ಆಗಿದ್ದು, ಅಪ್‌ಡೇಟ್‌ಗಳು ಸರಿಯಾಗಿ ಆಗಿದ್ದರೆ ಕೆಲಸ ಸುಲಭ. 2023ರ ಅಕ್ಟೋಬರ್ ಕೊನೆಯಲ್ಲಿ ಬಂದ ಅಪ್‌ಡೇಟ್‌ನಿಂದ ಈಚೆಗೆ ರಾರ್, 7z ಮತ್ತು ಟಾರ್ ಕಟ್ಟುಗಳನ್ನು ಜಿಪ್‌ನಂತೆಯೇ ಫೋಲ್ಡರ್ ಆಗಿ ತೆರೆಯಬಹುದು. ಫೈಲ್ ಮೇಲೆ ಬಲಕ್ಲಿಕ್ ಮಾಡಿ `Extract All` ಒತ್ತಿದರೆ ಸಾಕು.

ಅಂಕಲ್ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ವಿಂಡೋಸ್ 10. ಅಲ್ಲಿ ಬಲಕ್ಲಿಕ್ ಮಾಡಿದರೆ ರಾರ್‌ಗೆ ಏನೂ ಸಿಗುವುದಿಲ್ಲ. ಆದರೆ 2018ರಿಂದ ವಿಂಡೋಸ್ 10ರಲ್ಲಿ `tar` ಎಂಬ ಚಿಕ್ಕ ಸಾಧನವೊಂದು ಸದ್ದಿಲ್ಲದೆ ಕೂತಿದೆ. ಹೆಸರು ಟಾರ್ ಆದರೂ ಅದು ಟಾರ್ ಕಟ್ಟುಗಳಿಗಷ್ಟೇ ಸೀಮಿತವಲ್ಲ. ಅದರ ಹಿಂದಿರುವುದು ಲಿಬ್‌ಆರ್ಕೈವ್ ಎಂಬ ಮುಕ್ತ ತಂತ್ರಾಂಶ. ಅದು ಚೀಟಿಯನ್ನು ನೋಡುವುದೇ ಇಲ್ಲ, ಮೊದಲ ಬೈಟ್‌ಗಳನ್ನು ಓದಿ ಒಳಗೆ ಏನಿದೆ ಎಂದು ಗುರುತಿಸುತ್ತದೆ. ವಿಂಡೋಸ್ 11ರ ಹೊಸ ಸೌಲಭ್ಯದ ಹಿಂದಿರುವುದೂ ಇದೇ.

ಮೊದಲು ಫೈಲಿಗೆ ಹಳೆಯ ಹೆಸರನ್ನೇ ಮರಳಿ ಕೊಟ್ಟೆವು. `tar`ಗೆ ಅದು ಬೇಕಿಲ್ಲ, ನಮಗೆ ಗೊಂದಲ ಬೇಡ ಎಂದು. ನಂತರ ಫೈಲ್ ಇರುವ ಫೋಲ್ಡರ್ ತೆರೆದು, ಮೇಲಿನ ವಿಳಾಸದ ಪಟ್ಟಿಯಲ್ಲಿ `cmd` ಎಂದು ಟೈಪ್ ಮಾಡಿ ಎಂಟರ್ ಒತ್ತಿದೆವು. ಆ ಫೋಲ್ಡರಿನಲ್ಲೇ ಒಂದು ಕಪ್ಪು ಕಿಟಕಿ ತೆರೆಯಿತು. ಅದರಲ್ಲಿ ಮೊದಲು ಕೇಳಿದ್ದು ಇದು:

```
tar --version
```

ಉತ್ತರದಲ್ಲಿ `libarchive` ಎಂಬ ಪದದ ಮುಂದೆ ಒಂದು ಸಂಖ್ಯೆ ಇರುತ್ತದೆ. ಅದು 3.4.0 ಅಥವಾ ಅದಕ್ಕಿಂತ ಮುಂದಿನದಾಗಿರಬೇಕು. ಇದಕ್ಕೆ ಕಾರಣವಿದೆ. 2013ರಲ್ಲಿ ವಿನ್‌ರಾರ್ 5ರ ಜೊತೆಗೆ ರಾರ್‌ನ ಹೊಸ ಪೀಳಿಗೆಯೊಂದು ಬಂತು. ಹೊರಗಿನ ಹೆಸರು ಅದೇ `.rar`, ಒಳಗಿನ ಜೋಡಣೆ ಬೇರೆ. ಅದನ್ನು ಓದಲು ಲಿಬ್‌ಆರ್ಕೈವ್ ಕಲಿತದ್ದು 3.4.0ರಲ್ಲಿ. ಬಹಳ ದಿನಗಳಿಂದ ಅಪ್‌ಡೇಟ್ ಮಾಡದ ವಿಂಡೋಸ್ 10ರಲ್ಲಿ ಹಳೆಯ ರಾರ್ ತೆರೆದು ಹೊಸ ರಾರ್ ತೆರೆಯದಿದ್ದರೆ ಕಾರಣ ಇದೇ. ಅಂಕಲ್ ಲ್ಯಾಪ್‌ಟಾಪಿನ ಸಂಖ್ಯೆ ಸರಿಯಾಗಿತ್ತು.

ಎರಡನೆಯದು, ಬಿಚ್ಚುವ ಮೊದಲು ಒಳಗೇನಿದೆ ಎಂದು ಇಣುಕಿ ನೋಡುವುದು:

```
tar -tf tender.rar
```

ಇಲ್ಲಿ `t` ಎಂದರೆ ಪಟ್ಟಿ ತೋರಿಸು, `f` ಎಂದರೆ ಮುಂದೆ ಬರುವುದು ಫೈಲಿನ ಹೆಸರು. ಬಂದ ಪಟ್ಟಿ ಹೀಗಿತ್ತು:

```
NIT.pdf
BOQ.xls
drawings/site-plan.pdf
sharattugalu.doc
```

ಟೆಂಡರ್ ಪ್ರಕಟಣೆ, ದರಪಟ್ಟಿ, ನಕ್ಷೆ, ಷರತ್ತುಗಳು. ಎಲ್ಲವೂ ನಿರೀಕ್ಷಿಸಿದ್ದೇ. ಈ ಹೆಜ್ಜೆಯನ್ನು ಬಿಡಬೇಡಿ. ದಾಖಲೆ ಇರಬೇಕಾದ ಕಡೆ `.exe`, `.scr`, `.bat`, `.lnk` ಎಂದು ಕೊನೆಯಾಗುವ ಹೆಸರು ಕಂಡರೆ, ವಿಶೇಷವಾಗಿ `BOQ.pdf.exe` ಎಂಬಂಥದ್ದು ಕಂಡರೆ, ಅಲ್ಲಿಗೇ ನಿಲ್ಲಿಸಿ. ವಿಂಡೋಸ್ ಸಾಮಾನ್ಯವಾಗಿ ಕೊನೆಯ ಚೀಟಿಯನ್ನು ಮರೆಮಾಡುವುದರಿಂದ ಫೋಲ್ಡರಿನಲ್ಲಿ ಅದು `BOQ.pdf` ಎಂದಷ್ಟೇ ಕಾಣುತ್ತದೆ. ಕಪ್ಪು ಕಿಟಕಿಯ ಪಟ್ಟಿಯಲ್ಲಿ ಹೆಸರು ಪೂರ್ತಿಯಾಗಿ ಕಾಣುತ್ತದೆ.

ಮೂರನೆಯದು ಬಿಚ್ಚುವುದು. ಫೈಲ್‌ಗಳು ಡೌನ್‌ಲೋಡ್ ಫೋಲ್ಡರಿನಲ್ಲೆಲ್ಲ ಚೆಲ್ಲಾಡದಂತೆ ಮೊದಲು ಒಂದು ಖಾಲಿ ಫೋಲ್ಡರ್ ಮಾಡಿಕೊಳ್ಳಬೇಕು:

```
mkdir tender
tar -xf tender.rar -C tender
```

`x` ಎಂದರೆ ಬಿಚ್ಚು, ದೊಡ್ಡ ಅಕ್ಷರದ `C` ಎಂದರೆ ಈ ಫೋಲ್ಡರಿನೊಳಗೆ ಹಾಕು. ಫೋಲ್ಡರ್ ಮೊದಲೇ ಇರಬೇಕು, `tar` ತಾನಾಗಿ ಅದನ್ನು ಸೃಷ್ಟಿಸುವುದಿಲ್ಲ. ಫೈಲಿನ ಹೆಸರಿನಲ್ಲಿ ಖಾಲಿ ಜಾಗವಿದ್ದರೆ ಹೆಸರನ್ನು `"ele tender.rar"` ಎಂಬಂತೆ ಉದ್ಧರಣ ಚಿಹ್ನೆಯೊಳಗೆ ಬರೆಯಬೇಕು. ಎಲ್ಲವೂ ಸರಿಯಾದರೆ ಪರದೆಯ ಮೇಲೆ ಏನೂ ಬರುವುದಿಲ್ಲ. ಕೆಲಸ ಆಗಲಿಲ್ಲವೇನೋ ಎಂದು ಅಂಕಲ್ ಸಂದೇಹಪಟ್ಟರು. ಫೋಲ್ಡರ್ ತೆರೆದು ನೋಡಿದರೆ ನಾಲ್ಕೂ ಫೈಲ್ ಅಲ್ಲಿದ್ದವು.

ತೆರೆದರೂ ಅಕ್ಷರ ಅರ್ಥವಾಗದಿದ್ದರೆ

ಪಿಡಿಎಫ್‌ಗಳು ಮತ್ತು ದರಪಟ್ಟಿ ಚೆನ್ನಾಗಿ ತೆರೆದವು. ಷರತ್ತುಗಳ ವರ್ಡ್ ಫೈಲ್ ತೆರೆದಾಗ ಮಾತ್ರ ಪುಟದ ತುಂಬಾ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. “ಇದು ಬಿಚ್ಚುವಾಗ ಹಾಳಾಗಿದೆ” ಎಂದರು ಅಂಕಲ್.

ಇದು ಕನ್ನಡಿಗರಿಗೆ ಎದುರಾಗುವ ಒಂದು ತಪ್ಪು ಗುರುತು. ಕಟ್ಟು ಬಿಚ್ಚುವಾಗ ಫೈಲ್ ಹಾಳಾದರೆ ವರ್ಡ್ ಅದನ್ನು ಸಾಮಾನ್ಯವಾಗಿ ತೆರೆಯುವುದೇ ಇಲ್ಲ. ಪ್ಯಾರಾ, ಕೋಷ್ಟಕ, ಅಂಕಿಸಂಖ್ಯೆಯೆಲ್ಲ ಇದ್ದಲ್ಲೇ ಇದ್ದು ಅಕ್ಷರ ಮಾತ್ರ ವಿಚಿತ್ರವಾಗಿದ್ದರೆ, ಅದು ಯೂನಿಕೋಡ್‌ಗಿಂತ ಹಳೆಯ ರೀತಿಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ದಾಖಲೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತವೆ. ಫಾಂಟ್ ಇಲ್ಲದ ಕಂಪ್ಯೂಟರ್ ಇಂಗ್ಲಿಷ್ ಅಕ್ಷರವನ್ನೇ ತೋರಿಸುತ್ತದೆ. ನುಡಿ ಫಾಂಟ್ ಹಾಕಿಕೊಂಡರೆ, ಇಲ್ಲವೇ ಯೂನಿಕೋಡ್‌ಗೆ ಪರಿವರ್ತಿಸಿದರೆ ಓದಬಹುದು. ರಾರ್‌ಗೂ ಇದಕ್ಕೂ ಸಂಬಂಧವಿಲ್ಲ.

ಕಟ್ಟಿನೊಳಗಿನ ಫೈಲ್‌ಗಳ ಹೆಸರೇ ಕನ್ನಡದಲ್ಲಿದ್ದಾಗಲೂ ಇಂಥದ್ದೇ ಗಾಬರಿ ಹುಟ್ಟುತ್ತದೆ. ಕಪ್ಪು ಕಿಟಕಿ ಕನ್ನಡವನ್ನು ಸರಿಯಾಗಿ ಬಿಡಿಸುವುದಿಲ್ಲ, ಚೌಕಗಳೋ ಪ್ರಶ್ನಾರ್ಥಕ ಚಿಹ್ನೆಗಳೋ ಕಾಣಬಹುದು. ಹೆಸರು ನಿಜವಾಗಿ ಹೇಗಿದೆ ಎಂಬುದನ್ನು ಫೋಲ್ಡರ್ ತೆರೆದು ನೋಡಿ ತೀರ್ಮಾನಿಸಿ.

ಈ ದಾರಿ ಎಲ್ಲಿ ನಿಲ್ಲುತ್ತದೆ?

ಅಂಕಲ್ ಫೈಲ್ ತೆರೆಯಿತು. ಎಲ್ಲ ಫೈಲೂ ಹೀಗೆ ತೆರೆಯುವುದಿಲ್ಲ. ಯಾವಾಗ ಪ್ರಯತ್ನ ಬಿಡಬೇಕು ಎಂದು ತಿಳಿದಿದ್ದರೆ ಸಮಯ ಉಳಿಯುತ್ತದೆ.

ಮೊದಲನೆಯದು ಪಾಸ್‌ವರ್ಡ್. ಗೂಢಲಿಪೀಕರಿಸಿದ ರಾರ್ ಅನ್ನು ವಿಂಡೋಸ್‌ನ `tar` ಆಗಲಿ, ವಿಂಡೋಸ್ 11ರ `Extract All` ಆಗಲಿ ಬಿಚ್ಚುವುದಿಲ್ಲ. ಪಾಸ್‌ವರ್ಡ್ ನಿಮಗೆ ಗೊತ್ತಿದ್ದರೂ ಅಷ್ಟೇ. ತಪ್ಪಿನ ಸಂದೇಶದಲ್ಲಿ `encrypt` ಎಂಬ ಪದದ ಯಾವುದೋ ರೂಪ ಕಂಡರೆ ಅದೇ ಕಾರಣ.

ಎರಡನೆಯದು ತುಂಡುಗಳು. ದೊಡ್ಡ ಕಟ್ಟನ್ನು `part1.rar`, `part2.rar` ಎಂದು ಒಡೆದು ಕಳಿಸುವುದುಂಟು. `tar` ಒಂದು ತುಂಡನ್ನು ಓದುತ್ತದೆ, ಮುಂದಿನದನ್ನು ತಾನಾಗಿ ಹುಡುಕಿಕೊಂಡು ಹೋಗುವುದಿಲ್ಲ. ಹಾಗಾಗಿ ಅರ್ಧ ಫೈಲ್ ಸಿಕ್ಕಿ ಪೂರ್ತಿ ಸಿಕ್ಕಿತೆಂಬ ಭ್ರಮೆ ಹುಟ್ಟಬಹುದು.

ಈ ಎರಡೂ ಸಂದರ್ಭಗಳಲ್ಲಿ ಒಳಗಿನ ಸಾಧನದಿಂದ ಆಗದು. ಕಳಿಸಿದವರಿಗೆ ಜಿಪ್ ಮಾಡಿ ಕಳಿಸಲು ಕೇಳಬೇಕು, ಇಲ್ಲವೇ 7-ಜಿಪ್‌ನಂಥ ಉಚಿತ ತಂತ್ರಾಂಶವನ್ನು ಅದರ ಸ್ವಂತ ಜಾಲತಾಣದಿಂದಲೇ ಹಾಕಿಕೊಳ್ಳಬೇಕು.

ಮೂರನೆಯದು ಕೆಟ್ಟ ಅಥವಾ ಸುಳ್ಳು ಫೈಲ್. ಸಂದೇಶದಲ್ಲಿ `Truncated` ಎಂದಿದ್ದರೆ ಡೌನ್‌ಲೋಡ್ ಮಧ್ಯದಲ್ಲೇ ನಿಂತಿದೆ, ಮತ್ತೆ ಇಳಿಸಿಕೊಳ್ಳಿ. `Unrecognized archive format` ಎಂದಿದ್ದರೆ ಮೊದಲು ಫೈಲಿನ ಗಾತ್ರ ನೋಡಿ. ಹಲವು ಮೆಗಾಬೈಟ್ ಇರಬೇಕಾದದ್ದು ಕೆಲವೇ ಕಿಲೋಬೈಟ್ ಇದ್ದರೆ ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಮೊದಲಿಗೆ `Rar!` ಬದಲು `<!DOCTYPE html` ಎಂದಿದ್ದರೆ ನಿಮಗೆ ಸಿಕ್ಕಿರುವುದು ಕಟ್ಟಲ್ಲ, ವೆಬ್ ಪುಟ. ಲಾಗಿನ್ ಅವಧಿ ಮುಗಿದ ಮೇಲೆ ಡೌನ್‌ಲೋಡ್ ಒತ್ತಿದಾಗ ಲಾಗಿನ್ ಪುಟವೇ `.rar` ಹೆಸರಿನಲ್ಲಿ ಉಳಿದುಕೊಳ್ಳುವುದು ಹೀಗೆ. ಮತ್ತೆ ಲಾಗಿನ್ ಆಗಿ ಇಳಿಸಿಕೊಂಡರೆ ಸಮಸ್ಯೆ ಮುಗಿಯುತ್ತದೆ. ಆದರೆ `Rar!` ಎಂದೇ ಇದ್ದೂ ಅದೇ ಸಂದೇಶ ಬಂದರೆ ನಿಮ್ಮ `tar` ಹಳೆಯದು.

ಉಳಿದ ಅಪರೂಪದ ಕಟ್ಟುಗಳು

`.tar`, `.tgz` ಮತ್ತು `.tar.gz` ಫೈಲ್‌ಗಳಿಗೆ ಮೇಲಿನ ಅದೇ ಆಜ್ಞೆ ಸಾಕು. `.7z` ವಿಷಯದಲ್ಲಿ ಒಂದು ಪರೀಕ್ಷೆ ಇದೆ. `tar --version` ಉತ್ತರದಲ್ಲಿ `liblzma` ಎಂಬ ಪದ ಇದ್ದರೆ ತೆರೆಯುತ್ತದೆ. ವಿಂಡೋಸ್ 10ರಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ, ಹಾಗಾಗಿ ರಾರ್ ತೆರೆಯುವ ಕಂಪ್ಯೂಟರಿನಲ್ಲೇ 7z ತೆರೆಯದಿರಬಹುದು. ಪ್ರಿಂಟರ್ ಡ್ರೈವರ್‌ಗಳ ಜೊತೆ ಬರುವ `.cab` ಫೈಲಿಗೆ ವಿಂಡೋಸ್‌ನಲ್ಲಿ ಬಹಳ ಹಿಂದಿನಿಂದಲೂ `expand` ಎಂಬ ಸಾಧನವಿದೆ. ಇಲ್ಲೂ `driver` ಎಂಬ ಫೋಲ್ಡರ್ ಮೊದಲೇ ಮಾಡಿಕೊಳ್ಳಿ:

```
expand -F:* driver.cab driver
```

ಮ್ಯಾಕ್‌ನ ಟರ್ಮಿನಲ್‌ನಲ್ಲಿರುವುದೂ ಇದೇ ಬಗೆಯ `tar`, ಹಾಗಾಗಿ ಮೇಲಿನ ಆಜ್ಞೆಗಳು ಅಲ್ಲೂ ನಡೆಯುತ್ತವೆ. ಉಬುಂಟುವಿನಲ್ಲಿ ಹೆಸರು ಒಂದೇ ಆದರೂ ತಂತ್ರಾಂಶ ಬೇರೆ. ಅದಕ್ಕೆ ರಾರ್ ಕೊಟ್ಟರೆ ಇದು ಟಾರ್ ಕಟ್ಟಿನಂತೆ ಕಾಣುತ್ತಿಲ್ಲ ಎಂದು ಹೇಳಿ ನಿಲ್ಲುತ್ತದೆ.

ಹಳೆಯ ಸಿಡಿಗಳಲ್ಲಿ ಸಿಗುವ `.ace` ಮಾತ್ರ ಯಾವುದರಿಂದಲೂ ತೆರೆಯಲು ಹೋಗದಿರುವುದೇ ಮೇಲು. 2019ರ ಫೆಬ್ರವರಿಯಲ್ಲಿ ಚೆಕ್ ಪಾಯಿಂಟ್ ಸಂಸ್ಥೆಯ ಸಂಶೋಧಕರು ವಿನ್‌ರಾರ್‌ನೊಳಗೆ ಏಸ್ ಬಿಚ್ಚುತ್ತಿದ್ದ ಹಳೆಯ ಭಾಗದಲ್ಲಿ ಒಂದು ದೋಷ ಕಂಡುಹಿಡಿದರು. ಕಿಡಿಗೇಡಿ ಕಟ್ಟೊಂದನ್ನು ಬಿಚ್ಚಿದರೆ, ನೀವು ಹೇಳಿದ ಫೋಲ್ಡರ್ ಬಿಟ್ಟು, ಕಂಪ್ಯೂಟರ್ ಶುರುವಾದ ಕೂಡಲೇ ತಾನಾಗಿ ಓಡುವ ಜಾಗಕ್ಕೆ ಅದು ಫೈಲ್ ಇಳಿಸಬಲ್ಲದಾಗಿತ್ತು. ಆ ಭಾಗವನ್ನು ತಿದ್ದಲು ಅದರ ಮೂಲ ಕೋಡ್ ವಿನ್‌ರಾರ್ ತಯಾರಕರ ಬಳಿ ಇರಲಿಲ್ಲ. ಅವರು ಏಸ್ ಬೆಂಬಲವನ್ನೇ ಕಿತ್ತುಹಾಕಿದರು. ಇದರಲ್ಲೂ ನಮ್ಮ ಮೊದಲಿನ ಪಾಠವೇ ಇದೆ. ಆ ಏಸ್ ಫೈಲಿಗೆ `.rar` ಎಂದು ಹೆಸರಿಟ್ಟರೂ ದಾಳಿ ನಡೆಯುತ್ತಿತ್ತು. ವಿನ್‌ರಾರ್ ಕೂಡ ಚೀಟಿ ಬಿಟ್ಟು ಒಳಗಿನದನ್ನೇ ನೋಡುತ್ತದೆಯಲ್ಲ.

ನಮ್ಮ ಮನೆಗೆ ಬರುವ ಮೊದಲು ಅಂಕಲ್ ‘ಉಚಿತ ರಾರ್ ಓಪನರ್’ ಎಂದು ಹುಡುಕಿ ಯಾವುದೋ ಸೆಟಪ್ ಫೈಲನ್ನೂ ಇಳಿಸಿಕೊಂಡಿದ್ದರು. ಅವರು ಅದನ್ನು ಓಡಿಸಿರಲಿಲ್ಲ, ಪುಣ್ಯ. ಅದೇ ಲ್ಯಾಪ್‌ಟಾಪಿನಲ್ಲಿ ಬಿಡ್‌ಗೆ ಸಹಿ ಹಾಕುವ ಡಿಜಿಟಲ್ ಕೀಲಿಯನ್ನೂ ಅವರು ಬಳಸುತ್ತಾರೆ. ಆ ಸೆಟಪ್ ಫೈಲನ್ನು ಅಳಿಸಿದೆವು. ದರಪಟ್ಟಿಯನ್ನು ಅವರು ರಾತ್ರಿಯೇ ತುಂಬಿದರು. ಬಿಡ್ ಮರುದಿನ ಹನ್ನೊಂದು ಗಂಟೆಗೆ ಹೋಯಿತು.